ಅಜ್ಜಿ ಯಾವ ಕೆಲಸ ಬಿಟ್ಟಿದ್ದಾಳೆ, ಅದನ್ನು ನೋಡಿ

ಮಕ್ಕಳೇ, ಊರಿಗೆ ಬಂದಾಗ ಅಜ್ಜಿಯನ್ನು "ಎದೆನೋವು ಏನಾದ್ರೂ ಇದೆಯಾ?" ಅಂತ ಕೇಳಬೇಡಿ. "ಇಲ್ಲ" ಅಂತಲೇ ಹೇಳುತ್ತಾಳೆ. ಅದು ಸುಳ್ಳೂ ಅಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ದಾದಿಯಾಗಿದ್ದ ನಾನು ಇದನ್ನು ಎಷ್ಟೋ ಸಲ ಕಂಡಿದ್ದೇನೆ. ನಮ್ಮ ಕಡೆಯ ಹೆಂಗಸರಿಗೆ ಹೃದಯದ ತೊಂದರೆ ನೋವಾಗಿ ಕಾಣುವುದು ಕಡಿಮೆ. ಭಾರ, ಹಿಡಿದ ಹಾಗೆ, ಉಬ್ಬಸ, ಸುಸ್ತು ಅನ್ನುತ್ತಾರೆ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇದ್ದವರಲ್ಲಿ ನರಗಳೇ ಮಂದವಾಗಿ, ನೋವು ಗೊತ್ತೇ ಆಗದಿರಬಹುದು.

ತಿಪಟೂರಿಗೂ ತುರುವೇಕೆರೆಗೂ ನಡುವಿನ ನಮ್ಮ ಹಳ್ಳಿಯ ಒಬ್ಬ ಅಜ್ಜಿಯ ಕತೆ ಕೇಳಿ. ಆಕೆಗೆ ಸಕ್ಕರೆ ಕಾಯಿಲೆ ಇತ್ತು. ಕೊಬ್ಬರಿ ಸುಲಿಯುವ ಕಾಲ. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿ ಕೆಳಗಿಳಿದು, ಮಟ್ಟೆ ಸುಲಿದು, ಕರಟ ಒಡೆದು ಉಂಡೆ ಕೊಬ್ಬರಿ ತೆಗೆಯುವ ಕೆಲಸ ಮನೆತುಂಬ ಹರಡಿತ್ತು. ಅಂಗಳದಿಂದ ಕೊಟ್ಟಿಗೆಗೆ ಕರಟದ ಮಂಕರಿ ಹೊತ್ತು ಹೋಗುವಾಗ ಎದೆಯ ನಡುವೆ ಏನೋ ಕೂತ ಹಾಗಾಗುತ್ತಿತ್ತಂತೆ. ಮಂಕರಿ ಇಳಿಸಿ, ಕಂಬಕ್ಕೆ ಒರಗಿ ನಿಂತರೆ ಸ್ವಲ್ಪ ಹೊತ್ತಿಗೆ ಹೋಗುತ್ತಿತ್ತು. ಗ್ಯಾಸ್ ಅಂದುಕೊಂಡು ಜೀರಿಗೆ ಕಷಾಯ ಕುಡಿದಳು, ಸೋಡ ಕುಡಿದಳು. ಆಮೇಲೆ ಒಂದೊಂದಾಗಿ ಕೆಲಸಗಳನ್ನೇ ಬಿಟ್ಟಳು. ಮೊದಲು ಅಟ್ಟದ ಏಣಿ, ನಂತರ ಮಂಕರಿ, ಕೊನೆಗೆ ತೋಟದ ಕಡೆ ಹೋಗುವುದು. ಮನೆಯವರು ವಯಸ್ಸಾಯ್ತು ಅಂದುಕೊಂಡರು. ಕೆಲಸ ಬಿಟ್ಟಿದ್ದರಿಂದ ಭಾರವೂ ಕಡಿಮೆಯಾಯಿತು. ರೋಗ ಬಚ್ಚಿಟ್ಟುಕೊಳ್ಳುವುದು ಹೀಗೆಯೇ.

ಕಾಲೇಜು ಓದುವ ಮೊಮ್ಮಗ ರಜೆಗೆ ಬಂದ. ಅವನು ಕೇಳಿದ ಮೊದಲ ಪ್ರಶ್ನೆ: "ಅಜ್ಜಿ, ತೋಟಕ್ಕೆ ಯಾಕೆ ಬರ್ತಿಲ್ಲ?" ಆಕೆ "ಏನಿಲ್ಲ ಕಣಪ್ಪ, ಗ್ಯಾಸು" ಅಂದಳು. "ಗ್ಯಾಸಾದ್ರೆ ಉಂಡ ಮೇಲೆ, ಕೂತಾಗಲೂ ಬರ್ಬೇಕು. ನಿಂಗೆ ನಡೆದಾಗ ಬಂದು ನಿಂತ್ರೆ ಹೋಗುತ್ತಲ್ಲ?" ಅಂದ. ಅಜ್ಜಿ ಉತ್ತರ ಕೊಡಲಿಲ್ಲ. ನನಗೆ ಬಹಳ ಹಿಡಿಸಿದ್ದು ಈ ಪ್ರಶ್ನೆ. ವೈದ್ಯರು ಕೇಳುವುದೂ ಇದನ್ನೇ.

ಆಕೆಯ ಭಯ ಬೇರೆಯೇ ಇತ್ತು. ಆಸ್ಪತ್ರೆಗೆ ಹೋದರೆ ಎದೆ ಕೊಯ್ಯುತ್ತಾರೆ, ಕೊಬ್ಬರಿ ದುಡ್ಡೆಲ್ಲ ಅಲ್ಲಿಗೇ ಹೋಗುತ್ತದೆ ಅಂತ. ಹುಡುಗ ಹೆದರಿಸಲಿಲ್ಲ, ಬೈಯಲಿಲ್ಲ. "ಇಸಿಜಿಗೆ ಸೂಜಿ ಇಲ್ಲ, ಕೊಯ್ಯೋದಿಲ್ಲ. ಮೈಗೆ ವೈರು ಅಂಟಿಸಿ ಕಾಗದ ತೆಗೀತಾರೆ ಅಷ್ಟೆ. ನಾನೂ ಬರ್ತೀನಿ, ಊಟದ ಹೊತ್ತಿಗೆ ವಾಪಸ್" ಅಂದ. ಒಪ್ಪಿದಳು.

ಇಸಿಜಿಯಲ್ಲಿ ಹೆಚ್ಚೇನೂ ಕಾಣಲಿಲ್ಲ. ಇಲ್ಲಿಯೇ ಎಷ್ಟೋ ಮನೆಯವರು ಖುಷಿಯಾಗಿ ವಾಪಸ್ ಬರುವುದು. ಮಲಗಿ ತೆಗೆದ ಇಸಿಜಿ ಆ ಗಳಿಗೆಯ ಹೃದಯವನ್ನಷ್ಟೇ ತೋರಿಸುತ್ತದೆ. ರಕ್ತನಾಳ ಕಿರಿದಾಗಿದ್ದರೂ ವಿಶ್ರಾಂತಿಯಲ್ಲಿರುವಾಗ ರಕ್ತ ಸಾಕಾಗಬಹುದು, ಹೊರೆ ಹೊತ್ತಾಗ ಸಾಲದೆ ಹೋಗುತ್ತದೆ. ಹುಡುಗ ಮಂಕರಿ, ಏಣಿ, ತೋಟ ಎಲ್ಲವನ್ನೂ ವೈದ್ಯರಿಗೆ ಬಿಡಿಸಿ ಹೇಳಿದ್ದರಿಂದ ಅವರು ಅಷ್ಟಕ್ಕೇ ಬಿಡಲಿಲ್ಲ. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಮಾಡಿಸಿದರು. ಪೆಟ್ಟು ಬಿದ್ದಿರಲಿಲ್ಲ. ಎಕೋ, ಆಂಜಿಯೋಗ್ರಾಮ್‌ಗೆ ಬೆಂಗಳೂರಿಗೆ ಚೀಟಿ ಬರೆದರು. ಒಂದು ರಕ್ತನಾಳ ಬಹಳ ಕಿರಿದಾಗಿತ್ತು. ಮಣಿಕಟ್ಟಿನ ನಾಳದಿಂದ ತಂತಿ ತೂರಿಸಿ ಸ್ಟೆಂಟ್ ಹಾಕಿದರು. ಎದೆ ಕೊಯ್ಯಲಿಲ್ಲ.

ಆ ಚೀಟಿಯನ್ನು ಹಗುರವಾಗಿ ನೋಡಬೇಡಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ರೇಷನ್ ಕಾರ್ಡು, ಆಧಾರ್ ಜೊತೆಯಲ್ಲಿಟ್ಟುಕೊಳ್ಳಿ.

ಈ ಅಜ್ಜಿಗೆ ಸಮಯವಿತ್ತು. ಆದರೆ ನಿಮ್ಮ ಅಜ್ಜಿಗೆ ಸುಮ್ಮನೆ ಕೂತಾಗಲೂ ಭಾರ ಬಂದು ಕಾಲು ಗಂಟೆಯಾದರೂ ಇಳಿಯದಿದ್ದರೆ, ತಣ್ಣಗೆ ಬೆವರಿದರೆ, ಉಸಿರು ಕಟ್ಟಿದರೆ, ದವಡೆಗೋ ಎಡತೋಳಿಗೋ ಹಿಡಿದರೆ ಕಷಾಯ ಕಾಯಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಆಕೆಯನ್ನು ಬೈಕಿನ ಹಿಂದೆ ಕೂರಿಸಬೇಡಿ, ನಡೆಸಲೂಬೇಡಿ. ನೆರೆಮನೆಯವರ ಸಾರ್ಬಿಟ್ರೇಟ್ ಮಾತ್ರೆ ತಂದು ನಾಲಿಗೆ ಕೆಳಗಿಡಬೇಡಿ, ರಕ್ತದೊತ್ತಡ ಇದ್ದಕ್ಕಿದ್ದಂತೆ ಕುಸಿಯಬಹುದು. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ 2023ರಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಿಂದ ಇಸಿಜಿ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ. ಅವರು ಹೇಳಿದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಅದು ಇದೆಯೇ ಎಂದು ಇವತ್ತೇ ಕೇಳಿಟ್ಟುಕೊಳ್ಳಿ. ಆ ಮದ್ದು ತೊಂದರೆ ಶುರುವಾದ ಮೊದಲ ಮೂರು ಗಂಟೆಯೊಳಗೆ ಬಿದ್ದರೆ ಹೆಚ್ಚು ಕೆಲಸ ಮಾಡುತ್ತದೆ. 12 ಗಂಟೆ ದಾಟಿದ ಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ.