ಷಡ್ಡಕನ ಗುತ್ತಿಗೆ, ಹಬ್ಬದ ಡಬ್ಬಿ: ವರದಿಗಾರರು ಮಾಡಬೇಕಾದ್ದು, ಮಾಡಬಾರದ್ದು

ಇದು ತಾಲ್ಲೂಕು ಮತ್ತು ಜಿಲ್ಲಾ ಕೇಂದ್ರಗಳಿಂದ ಸುದ್ದಿ ಕಳಿಸುವವರಿಗೆ. ನಿಮ್ಮ ನೆಂಟರು ಸುದ್ದಿಯೊಳಗೆ ಬಂದಾಗ, ಅಥವಾ ಸುದ್ದಿಯೊಳಗಿರುವವರು ನಿಮಗೆ ಏನಾದರೂ ಕೊಟ್ಟಾಗ, ಕಾಪಿ ಕಳಿಸುವ ಮುಂಚೆ ಓದಿ.

ಮುಚ್ಚಿಟ್ಟರೆ ಆಗುವುದು ಇಷ್ಟು: ಸುದ್ದಿ ಪೂರ್ತಿ ನಿಜವಾಗಿದ್ದರೂ ಬಿದ್ದುಹೋಗುತ್ತದೆ. ನಿಮ್ಮನ್ನು ನಂಬಿ ದಾಖಲೆ ಕೊಟ್ಟವರು ಊರಲ್ಲಿ ಒಂಟಿಯಾಗುತ್ತಾರೆ. ಮಾನನಷ್ಟ ಮೊಕದ್ದಮೆ ಬಿದ್ದರೆ, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನ ಹೆಚ್ಚಿನ ವಿನಾಯಿತಿಗಳು ಸದುದ್ದೇಶದ ಮೇಲೆ ನಿಂತಿವೆ. ಮುಚ್ಚಿಟ್ಟ ನೆಂಟಸ್ತಿಕೆ ಎದುರು ವಕೀಲರ ಕೈಗೆ ಸಿಕ್ಕರೆ ಆ ಆಸರೆಯೂ ಅಲುಗಾಡುತ್ತದೆ. ನಿಮ್ಮ ಕೆಲಸ ಹೋಗುತ್ತದೆ.

ನೆಂಟರು ಸುದ್ದಿಯಲ್ಲಿದ್ದಾಗ

ನೆಂಟರು ಎಂದರೆ ಒಂದೇ ಮನೆಯವರು ಮಾತ್ರವಲ್ಲ. ಬೀಗರು, ಷಡ್ಡಕ, ಭಾವಮೈದ, ಸೋದರಮಾವ, ಸಾಲ ಕೊಟ್ಟವರು, ಸಾಲ ತೆಗೆದುಕೊಂಡವರು, ಜಮೀನಿನ ಪಾಲುದಾರರು ಎಲ್ಲರೂ ಇದರಲ್ಲಿ ಬರುತ್ತಾರೆ. ಎರಡು ಪ್ರಶ್ನೆ ಕೇಳಿಕೊಳ್ಳಿ. ಅವರ ಲಾಭ ನಿಮ್ಮ ಮನೆಗೆ ಬಂದು ಸೇರುತ್ತದೆಯೇ? ಸುದ್ದಿ ಬಂದ ಮೇಲೆ ಮುಂದಿನ ಮದುವೆ ಮನೆಯಲ್ಲಿ ಅವರ ಮುಖ ನೋಡುವುದು ನಿಮಗೆ ಕಷ್ಟವಾಗುತ್ತದೆಯೇ? ಒಂದಕ್ಕೆ ಹೌದು ಎಂದರೂ ಸಾಕು, ಈ ಸೂಚನೆ ನಿಮಗೇ.

ಮಾಡಬೇಕಾದ್ದು

- ಸಂಬಂಧ ಗೊತ್ತಾದ ಕ್ಷಣಕ್ಕೇ ಕೆಲಸ ನಿಲ್ಲಿಸಿ.
- ಬ್ಯೂರೋ ಮುಖ್ಯಸ್ಥರಿಗೆ ಬರಹದಲ್ಲಿ ತಿಳಿಸಿ. ವಾಟ್ಸ್ಆ್ಯಪ್ ಸಂದೇಶವೂ ಸಾಕು.
- ಯಾರು, ನಿಮಗೆ ಏನಾಗಬೇಕು, ಸುದ್ದಿಯಲ್ಲಿ ಅವರ ಪಾತ್ರವೇನು ಎಂಬ ಮೂರನ್ನೂ ಬರೆಯಿರಿ.
- ದಾಖಲೆ, ಟಿಪ್ಪಣಿ, ಫೋನ್ ನಂಬರುಗಳನ್ನು ಬೇರೆಯವರಿಗೆ ಒಪ್ಪಿಸಿ.

ಮಾಡಬಾರದ್ದು

- ಸುದ್ದಿ ಬರುತ್ತಿದೆ ಎಂದು ನೆಂಟರಿಗೆ ಮುಂಚೆ ಹೇಳುವುದು ಬೇಡ.
- ಬೈಲೈನ್ ತೆಗೆಸಿ, ಬರೆಯುವುದನ್ನು ಮಾತ್ರ ನೀವೇ ಮುಂದುವರಿಸುವುದು ಬೇಡ.
- ವರದಿ ಕೈಗೆತ್ತಿಕೊಂಡ ಸಹೋದ್ಯೋಗಿಗೆ ‘ಸ್ವಲ್ಪ ನೋಡಿಕೊಂಡು ಬರಿ’ ಎನ್ನುವುದು ಬೇಡ.
- ನಿಷ್ಪಕ್ಷಪಾತಿ ಎಂದು ತೋರಿಸಲು ನೆಂಟರ ಮೇಲೆ ಹೆಚ್ಚು ಖಾರವಾಗಿ ಬರೆಯುವುದು ಬೇಡ. ಅದೂ ಪಕ್ಷಪಾತವೇ.
- ಸುದ್ದಿಯನ್ನು ಸದ್ದಿಲ್ಲದೆ ಕೈಬಿಡಬಾರದು.

ಹೆಚ್ಚು ಕಡೆ ತಪ್ಪುವುದು ಈ ಕೊನೆಯ ಸಾಲಿನಲ್ಲೇ. ಬರೆದ ಸುದ್ದಿಯನ್ನು ಯಾರಾದರೂ ಪ್ರಶ್ನಿಸಬಹುದು. ಬರೆಯದೇ ಬಿಟ್ಟದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಸಂದರ್ಭ ನೋಡಿ. ಕೆರೆಯ ಹೂಳೆತ್ತದೇ ಬಿಲ್ ಆಗಿದೆ ಎಂದು ಊರಿನವರು ದೂರುತ್ತಾರೆ. ನೀವು ಕಚೇರಿಗೆ ಹೋಗಿ ಕಾಮಗಾರಿ ಆದೇಶದ ಪ್ರತಿ ತೆಗೆದುಕೊಳ್ಳುತ್ತೀರಿ. ಗುತ್ತಿಗೆ ಸಂಸ್ಥೆಯ ಪಾಲುದಾರರಲ್ಲಿ ಒಬ್ಬರು ನಿಮ್ಮ ಷಡ್ಡಕ. ಇಂಥ ಹೊತ್ತಲ್ಲಿ ಎಂಜಿನಿಯರ್ ಹೇಳಿಕೆಗಾಗಿ ಕಾಯಬೇಡಿ. ಕಚೇರಿಯ ಮೆಟ್ಟಿಲು ಇಳಿಯುವ ಮುಂಚೆಯೇ ಈ ಸಂದೇಶ ಕಳಿಸಿ:

‘ಕೆರೆ ಹೂಳೆತ್ತುವ ಕಾಮಗಾರಿಯ ಗುತ್ತಿಗೆ ಸಂಸ್ಥೆಯಲ್ಲಿ ನನ್ನ ಷಡ್ಡಕ ಪಾಲುದಾರ. ಇದು ನನಗೆ ಈಗಷ್ಟೇ ಗೊತ್ತಾಯಿತು. ಆದೇಶದ ಪ್ರತಿ, ದೂರು ಕೊಟ್ಟ ಮೂವರ ನಂಬರು ನನ್ನ ಬಳಿ ಇವೆ. ಯಾರಿಗೆ ಕಳಿಸಲಿ?’

ತಾಲ್ಲೂಕಿನಲ್ಲಿ ಪತ್ರಿಕೆಗೆ ಇರುವವರು ನೀವೊಬ್ಬರೇ ಎಂಬುದು ಸುದ್ದಿ ಇಟ್ಟುಕೊಳ್ಳಲು ಕಾರಣವಾಗದು. ಪಕ್ಕದ ತಾಲ್ಲೂಕಿನವರು ಬಂದು ಕೆರೆ ನೋಡಬಹುದು, ಡೆಸ್ಕ್‌ನಿಂದಲೇ ಎಂಜಿನಿಯರಿಗೂ ಗುತ್ತಿಗೆದಾರರಿಗೂ ಫೋನ್ ಮಾಡಬಹುದು. ಷಡ್ಡಕನ ಪ್ರತಿಕ್ರಿಯೆಯನ್ನೂ ಅವರೇ ತೆಗೆದುಕೊಳ್ಳಲಿ. ಅಂದು ರಾತ್ರಿ ಮನೆಯಲ್ಲಿ ಫೋನ್ ಬಂದರೆ ‘ಆ ಸುದ್ದಿ ನನ್ನ ಬಳಿ ಇಲ್ಲ, ಕಚೇರಿಗೆ ಕೇಳಿ’ ಎಂದು ಹೇಳಿ ಇಟ್ಟುಬಿಡಿ. ಸಂಸಾರದ ಒಳಗೆ ಇದು ಸುಲಭದ ಮಾತಲ್ಲ, ಗೊತ್ತಿದೆ. ಆದರೂ ಹೇಳಲೇಬೇಕು.

ಮನೆಯವರ ಹೆಸರಿನಲ್ಲಿ ಷೇರು, ನಿವೇಶನ

- ನಿಮ್ಮ ಬೀಟ್‌ಗೆ ಸೇರಿದ ಕಂಪನಿಗಳಲ್ಲಿ ಮನೆಯವರ ಷೇರು ಇದ್ದರೆ ಸಂಪಾದಕರಿಗೆ ಪಟ್ಟಿ ಕೊಡಿ.
- ರಸ್ತೆ, ಲೇಔಟ್, ಭೂಸ್ವಾಧೀನದ ಸುದ್ದಿ ಬರೆಯುವ ಮುಂಚೆ ಅಲ್ಲಿ ಮನೆಯವರ ಪಹಣಿ ಇದೆಯೇ ನೋಡಿ.
- ಷೇರು ಇರುವ ಕಂಪನಿಯ ಸುದ್ದಿ ಬರೆಯುವುದು ಬೇಡ. ಭಾರತೀಯ ಪತ್ರಿಕಾ ಮಂಡಳಿಯ ನಿಯಮವೂ ಇದೇ.
- ಹೆಂಡತಿ, ಗಂಡ, ತಾಯಿಯ ಹೆಸರಿನಲ್ಲಿದೆ, ನನ್ನದಲ್ಲ ಎಂಬ ನೆಪ ಬೇಡ.

ಈ ನೆಪ ನಿಲ್ಲುವುದಿಲ್ಲ ಎನ್ನಲು ದಾಖಲೆಯಿದೆ. 2021ರ ಜನವರಿಯಲ್ಲಿ ಸೆಬಿ ಹಿಂದಿ ವ್ಯಾಪಾರ ವಾಹಿನಿಯೊಂದರ ನಿರೂಪಕರ ವಿರುದ್ಧ ಮಧ್ಯಂತರ ಆದೇಶ ಹೊರಡಿಸಿತು. ಅವರು ಕಾರ್ಯಕ್ರಮದಲ್ಲಿ ಶಿಫಾರಸು ಮಾಡಲಿದ್ದ ಷೇರುಗಳನ್ನು ಮುಂಚೆಯೇ ಪತ್ನಿ ಮತ್ತು ತಾಯಿಯ ಖಾತೆಗಳಲ್ಲಿ ಕೊಂಡು, ಶಿಫಾರಸಿನ ನಂತರ ಮಾರಲಾಗಿದೆ ಎಂಬುದು ಆರೋಪ. ಮೂವರನ್ನೂ ಷೇರು ಮಾರುಕಟ್ಟೆಯಿಂದ ದೂರವಿಟ್ಟ ಸೆಬಿ, ಸುಮಾರು 2.95 ಕೋಟಿ ರೂಪಾಯಿ ಮುಟ್ಟುಗೋಲಿಗೆ ಆದೇಶಿಸಿತು. ನಿರೂಪಕರ ಕೆಲಸವೂ ಹೋಯಿತು.

ಉಡುಗೊರೆ, ಕವರ್, ಪ್ರವಾಸ

2022ರ ದೀಪಾವಳಿಯಲ್ಲಿ ಬೆಂಗಳೂರಿನ ಕೆಲವು ಪತ್ರಕರ್ತರಿಗೆ ಮುಖ್ಯಮಂತ್ರಿ ಕಚೇರಿಯ ಕಡೆಯಿಂದ ಬಂದ ಸಿಹಿ ಡಬ್ಬಿಗಳಲ್ಲಿ ನಗದು ಇತ್ತು ಎಂಬ ಆರೋಪ ದೊಡ್ಡ ಸುದ್ದಿಯಾಯಿತು. ಅಂದಿನ ಮುಖ್ಯಮಂತ್ರಿ ತಾವು ಅಂಥ ಸೂಚನೆ ಕೊಟ್ಟಿಲ್ಲ ಎಂದರು. ದೂರು ಲೋಕಾಯುಕ್ತಕ್ಕೆ ಹೋಯಿತು. ಕೆಲವು ವರದಿಗಾರರು ಡಬ್ಬಿ ವಾಪಸ್ ಮಾಡಿದ್ದರು. ಇಂಥ ಸುದ್ದಿ ಹೊರಬಿದ್ದ ದಿನ, ವಾಪಸ್ ಕೊಟ್ಟದ್ದಕ್ಕೆ ಕೈಯಲ್ಲಿ ಬರಹವಿದ್ದವರು ಮಾತ್ರ ತಲೆ ಎತ್ತಿ ಮಾತಾಡಬಲ್ಲರು.

ಮಾಡಬೇಕಾದ್ದು

- ಡಬ್ಬಿ, ಬ್ಯಾಗ್, ಕವರ್ ಕೈಗೆ ಬಂದರೆ ಕೊಟ್ಟವರ ಎದುರೇ ತೆರೆದು ನೋಡಿ.
- ಹಣ, ಚಿನ್ನ, ಗಿಫ್ಟ್ ಕಾರ್ಡ್ ಇದ್ದರೆ ಅಲ್ಲೇ ವಾಪಸ್ ಕೊಡಿ.
- ಮನೆಗೆ ತಲುಪಿಸಿ ಹೋಗಿದ್ದರೆ, ಇದ್ದಂತೆಯೇ ಫೋಟೊ ತೆಗೆದು ಅದೇ ದಿನ ಸಂಪಾದಕರಿಗೆ ಕಳಿಸಿ.
- ಸಹೋದ್ಯೋಗಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಹಿಂದಿರುಗಿಸಿ.
- ‘ವಾಪಸ್ ಪಡೆದಿದ್ದೇವೆ’ ಎಂದು ತಾರೀಖು ಸಮೇತ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕಿ.
- ಮನೆಯವರಿಗೆ ಈ ನಿಯಮ ಮುಂಚೆಯೇ ಹೇಳಿಡಿ. ಡಬ್ಬಿ ತೆಗೆದುಕೊಳ್ಳುವವರು ಬಹಳ ಸಲ ಅವರೇ.

ಮಾಡಬಾರದ್ದು

- ಸುದ್ದಿಗೋಷ್ಠಿಯ ಕೊನೆಗೆ ‘ಪೆಟ್ರೋಲ್ ಖರ್ಚು’ ಎಂದು ಕೊಡುವ ಕವರ್ ಮುಟ್ಟುವುದು ಬೇಡ. ಐನೂರು ರೂಪಾಯಿಯಾದರೂ ಬೇಡ.
- ಬಂದದ್ದನ್ನು ಡೆಸ್ಕ್‌ನಲ್ಲಿ ಹಂಚುವುದು ಬೇಡ.
- ಅನಾಥಾಶ್ರಮಕ್ಕೆ ಕೊಟ್ಟೆ, ಇನ್ನು ಸರಿ ಎಂದುಕೊಳ್ಳುವುದು ಬೇಡ. ಕೊಟ್ಟವರ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ‘ತಲುಪಿದೆ’ ಎಂದೇ ಇರುತ್ತದೆ.
- ಮಗಳ ಕಾಲೇಜು ಸೀಟು, ಆಸ್ಪತ್ರೆ ಬಿಲ್‌ನಲ್ಲಿ ರಿಯಾಯಿತಿಗೆ ನಿಮ್ಮ ಬೀಟ್‌ನವರನ್ನು ಕೇಳಬಾರದು.

ಎಲ್ಲರ ಜೊತೆ ಕುಡಿದ ಕಾಫಿ, ಸುದ್ದಿಗೋಷ್ಠಿಯ ಊಟ, ಪ್ರಕಟಣೆಯ ಜೊತೆ ಕೊಟ್ಟ ಪೆನ್ನು ಇವಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ವಿಮರ್ಶೆಗೆ ಬಂದ ಪುಸ್ತಕ ಕಚೇರಿಯದು. ಕಂಪನಿ ಕರೆದೊಯ್ಯುವ ಪ್ರವಾಸಕ್ಕೆ ಹೋಗಬೇಕೋ ಬೇಡವೋ ಎಂಬುದನ್ನು ಸಂಪಾದಕರು ತೀರ್ಮಾನಿಸಲಿ. ಹೋದರೆ, ಪ್ರಯಾಣವನ್ನೂ ಆತಿಥ್ಯವನ್ನೂ ಕಂಪನಿಯೇ ನೋಡಿಕೊಂಡಿತು ಎಂದು ವರದಿಯಲ್ಲಿ ಬರೆಯಲೇಬೇಕು. ಇದನ್ನೂ ಪತ್ರಿಕಾ ಮಂಡಳಿಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ.

ಜಾಹೀರಾತಿನ ಮಾತು ಬೇರೆಯಾಗಿ ಹೇಳಬೇಕು. ರಾಜ್ಯೋತ್ಸವ, ದೀಪಾವಳಿ ಪುರವಣಿಗೆ ಜಾಹೀರಾತು ತರುವ ಹೊರೆ ಹಲವು ಪತ್ರಿಕೆಗಳಲ್ಲಿ ತಾಲ್ಲೂಕು ವರದಿಗಾರರ ತಲೆಯ ಮೇಲೇ ಇದೆ, ಕಮಿಷನ್ನೂ ಅವರಿಗೇ. ಇದು ಆಡಳಿತ ವರ್ಗದ ತಪ್ಪು, ಶಿಕ್ಷೆ ಅನುಭವಿಸುವವರು ವರದಿಗಾರರು. ಹೊರೆ ತಪ್ಪದಿದ್ದರೆ ಇಷ್ಟು ಮಾಡಿ: ಯಾರಿಂದ ಎಷ್ಟು ಜಾಹೀರಾತು ತಂದಿರಿ ಎಂಬ ಪಟ್ಟಿಯನ್ನು ಸುದ್ದಿ ಸಂಪಾದಕರಿಗೂ ಕಳಿಸಿ. ಆ ಪಟ್ಟಿಯಲ್ಲಿರುವವರ ಮೇಲೆ ದೂರು ಬಂದಾಗ ವರದಿ ಬೇರೆಯವರಿಗೆ ಬಿಡಿ. ಸುದ್ದಿಗೆ ಪ್ರತಿಕ್ರಿಯೆ ಕೇಳುವ ಫೋನ್‌ನಲ್ಲೇ ಜಾಹೀರಾತು ಕೇಳುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಅತ್ತ ಕಡೆಯವರಿಗೆ ಅದು ಬೆದರಿಕೆಯಾಗಿಯೇ ಕೇಳಿಸುತ್ತದೆ.

ಸುದ್ದಿಯೊಳಗೆ ಹೇಳುವುದು ಹೇಗೆ

ಸುದ್ದಿ ಬೇರೆಯವರಿಗೆ ಕೊಟ್ಟ ಮಾತ್ರಕ್ಕೆ ಮುಗಿಯಲಿಲ್ಲ. ಆ ವರದಿ ನಿಮ್ಮ ಪತ್ರಿಕೆಯಲ್ಲೇ ಬರುತ್ತದೆ, ದಾಖಲೆ ತಂದವರೂ ನೀವೇ. ಓದುಗರಿಗೆ ಅದು ಗೊತ್ತಾಗಬೇಕು. ಕೆರೆಯ ಸುದ್ದಿಯಲ್ಲಿ ಹೀಗೆ ಬರೆಯಿರಿ:

‘ಗುತ್ತಿಗೆ ಪಡೆದ ಸಂಸ್ಥೆಯ ಪಾಲುದಾರರಲ್ಲಿ ಒಬ್ಬರು ಈ ಪತ್ರಿಕೆಯ ತಾಲ್ಲೂಕು ವರದಿಗಾರರ ಷಡ್ಡಕ. ಕಾಮಗಾರಿ ಆದೇಶದ ಪ್ರತಿ ತಂದವರು ತಾಲ್ಲೂಕು ವರದಿಗಾರರು. ಸ್ಥಳ ಪರಿಶೀಲನೆ, ಹೇಳಿಕೆ ಪಡೆಯುವುದು, ಬರವಣಿಗೆ ಯಾವುದರಲ್ಲೂ ಅವರು ಭಾಗವಹಿಸಿಲ್ಲ.’

- ಸಂಬಂಧದ ಹೆಸರು ಹೇಳಿ. ‘ಪರಿಚಿತರು’, ‘ದೂರದ ಸಂಬಂಧಿ’ ಎಂದು ತೇಲಿಸುವುದು ಬೇಡ.
- ಆ ವ್ಯಕ್ತಿ ಅಥವಾ ಸಂಸ್ಥೆಯ ಹೆಸರು ಮೊದಲು ಬರುವ ಪ್ಯಾರಾದ ಕೆಳಗೇ ಹಾಕಿ.
- ವರದಿಯ ಕೊನೆಯ ಸಾಲಿಗೆ ತಳ್ಳುವುದು ಬೇಡ. ಜಾಗ ಸಾಲದಾಗ ಡೆಸ್ಕ್ ಕಾಪಿಯನ್ನು ಬಾಲದಿಂದ ಕತ್ತರಿಸುತ್ತದೆ. ರಾತ್ರಿ ಹನ್ನೊಂದರ ಹೊತ್ತಿಗೆ ಎಲ್ಲಕ್ಕಿಂತ ಮೊದಲು ಹೋಗುವುದು ಆ ಸಾಲೇ.
- ಕಾಪಿಯ ತಲೆಯಲ್ಲಿ ‘ಸಂಬಂಧದ ಪ್ಯಾರಾ ತೆಗೆಯಬಾರದು’ ಎಂದು ಡೆಸ್ಕ್‌ಗೆ ಬರೆಯಿರಿ.
- ವೆಬ್, ವಿಡಿಯೊ, ಮರುದಿನದ ಮುಂದುವರಿದ ವರದಿ ಎಲ್ಲದರಲ್ಲೂ ಹಾಕಿ. ನಿನ್ನೆ ಹೇಳಿದ್ದೇವೆ ಎಂದು ಇಂದು ಬಿಡುವುದು ಬೇಡ.
- ನೆಂಟರಿಗೆ ನೇರ ಲಾಭವಾಗುವ ಸುದ್ದಿಯನ್ನು, ಸಂಬಂಧ ಹೇಳಿದ್ದೇನಲ್ಲ ಎಂದು, ನೀವೇ ಬರೆಯಬಾರದು. ಹೇಳಿಕೊಂಡದ್ದರಿಂದ ಹಕ್ಕು ಸಿಗುವುದಿಲ್ಲ.

ಅಚ್ಚಾದ ಮೇಲೆ ಗೊತ್ತಾದರೆ

- ಬೆಳಿಗ್ಗೆಯೇ ಸಂಪಾದಕರಿಗೆ ಫೋನ್ ಮಾಡಿ. ಬೇರೆಯವರು ಹೇಳುವ ತನಕ ಕಾಯುವುದು ಬೇಡ.
- ಮರುದಿನ, ಸುದ್ದಿ ಬಂದ ಅದೇ ಪುಟದಲ್ಲಿ ಸ್ಪಷ್ಟನೆ ಹಾಕಿಸಿ.
- ವೆಬ್‌ನಲ್ಲಿ ತಾರೀಖು ನಮೂದಿಸಿ ಸೇರಿಸಿ. ಹಳೆಯ ವರದಿ ಸದ್ದಿಲ್ಲದೆ ಅಳಿಸಬಾರದು; ಸ್ಕ್ರೀನ್‌ಶಾಟ್ ಆಗಲೇ ಯಾರದೋ ಫೋನ್‌ನಲ್ಲಿರುತ್ತದೆ.

ಪತ್ರಿಕಾ ಮಂಡಳಿಗೆ 1978ರ ಕಾಯ್ದೆಯ ಅಡಿ ಎಚ್ಚರಿಕೆ ಕೊಡುವ, ಛೀಮಾರಿ ಹಾಕುವ ಅಧಿಕಾರವಿದೆ; ದಂಡ ಹಾಕುವ ಅಧಿಕಾರವಿಲ್ಲ. ಅಲ್ಲಿಗೆ ಹೋಗುವ ಹೊತ್ತಿಗೆ ಸುದ್ದಿಯ ಕಥೆ ಮುಗಿದಿರುತ್ತದೆ. ಸಂಶಯ ಬಂದರೆ ಕಾಪಿ ಕಳಿಸುವ ಮುಂಚೆ ಡೆಸ್ಕ್‌ಗೆ ಫೋನ್ ಮಾಡಿ. ಪುಟ ಮುಗಿಯುವ ತನಕ ಅಲ್ಲಿ ಫೋನ್ ಎತ್ತುವವರು ಇರುತ್ತಾರೆ.