ಫೋಟೋ ತಿದ್ದುವ ಮೊದಲು ಅವರನ್ನೇ ಕೇಳಿ



ತೊನ್ನು ಎಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕಣಗಳು ನಾಶವಾಗಿ ಅಲ್ಲಲ್ಲಿ ಬಿಳಿ ಮಚ್ಚೆ ಕಾಣಿಸಿಕೊಳ್ಳುವುದು. ಅದು ಅಂಟುರೋಗವಲ್ಲ, ಕುಷ್ಠವೂ ಅಲ್ಲ. ಇದು ಗೊತ್ತಿದ್ದವರೂ ಫೋಟೋದ ಮಾತು ಬಂದಾಗ ಮಚ್ಚೆಯನ್ನು ಮೊದಲು ಅಳಿಸಿಬಿಡುತ್ತಾರೆ. ಯಾವ ಫೋಟೋದಲ್ಲಿ ತಿದ್ದಬಾರದು, ಯಾವುದರಲ್ಲಿ ಕೇಳಿ ತಿದ್ದಬೇಕು ಎಂಬುದನ್ನು ನೋಡೋಣ.

ಮೊದಲು ಚಿಕಿತ್ಸೆಯ ಫೋಟೋ. ಇದನ್ನು ಕೂದಲೆಳೆಯಷ್ಟೂ ತಿದ್ದಬಾರದು. ಮುಲಾಮಿನಿಂದಲೋ ಬೆಳಕಿನ ಚಿಕಿತ್ಸೆಯಿಂದಲೋ ಬಣ್ಣ ಮರಳುವಾಗ ಸಾಮಾನ್ಯವಾಗಿ ಮಚ್ಚೆಯೊಳಗೆ ರೋಮಗಳ ಬುಡದಲ್ಲಿ ಸಣ್ಣ ಸಣ್ಣ ಕಂದು ಚುಕ್ಕಿಗಳು ಮೂಡುತ್ತವೆ. ವೈದ್ಯರು ಹುಡುಕುವುದು ಆ ಚುಕ್ಕಿಗಳನ್ನೇ. ಆದರೆ ಅನೇಕ ಫೋನುಗಳ ಕ್ಯಾಮೆರಾದಲ್ಲಿ Beauty ಎಂಬ ಆಯ್ಕೆ ಇರುತ್ತದೆ. ನಿಮಗೆ ತಿಳಿಯದೆಯೇ ಅದು ಚಾಲೂ ಇದ್ದರೆ ಚರ್ಮವನ್ನು ನುಣುಪು ಮಾಡಿ ಚುಕ್ಕಿಗಳನ್ನೂ ಒರೆಸಿಹಾಕುತ್ತದೆ. ಆಗ ಫಲ ಕೊಡುತ್ತಿರುವ ಔಷಧಿಯೂ ಫಲ ಕೊಡದಂತೆ ಕಾಣುತ್ತದೆ. ಗುರುತಿಸುವುದು ಸುಲಭ: ಫೋಟೋವನ್ನು ಹಿಗ್ಗಿಸಿ ನೋಡಿ. ಚರ್ಮದ ಸೂಕ್ಷ್ಮ ರಂಧ್ರ, ಎಳೆ ರೋಮ ಒಂದೂ ಕಾಣದೆ ಮೇಣ ಬಳಿದಂತಿದ್ದರೆ ಆ ಆಯ್ಕೆ ಚಾಲೂ ಇರಬಹುದು. ಅದನ್ನು ಆರಿಸಿ, ಫ್ಲಾಶ್ ಕೂಡ ಆರಿಸಿ, ಹಗಲು ಹೊತ್ತು ಕಿಟಕಿಯ ಪಕ್ಕ ನೇರ ಬಿಸಿಲು ಬೀಳದ ಕಡೆ ನಿಲ್ಲಿಸಿ ತೆಗೆಯಿರಿ. ತಿಂಗಳಿಗೊಮ್ಮೆ ಅದೇ ಜಾಗ, ಅಷ್ಟೇ ದೂರ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇರಲಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ Document ಎಂದು ಕಳಿಸಿದರೆ ಚಿತ್ರ ಸವೆಯುವುದಿಲ್ಲ. ಪಾಸ್‌ಪೋರ್ಟ್‌ನಂಥ ಗುರುತಿನ ದಾಖಲೆಗೂ ಮುಖ ಇದ್ದ ಹಾಗೇ ಇರಬೇಕು.

ಇನ್ನು ಮನೆಯ ಫೋಟೋ. ಇಲ್ಲಿ ನಿಯಮ ಬೇರೆ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳ ಸಂಗತಿ ಹೇಳುತ್ತೇನೆ. ಅವರ ಹೆಸರು, ಊರು ಬೇಡ. ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಮತ್ತು ಕತ್ತಿನ ಎಡಭಾಗದಲ್ಲಿ ಮಚ್ಚೆಗಳಿದ್ದವು. ಮದುವೆಯಾದ ಮೇಲೆ ಚೆನ್ನಕೇಶವ ದೇವಸ್ಥಾನದ ಮುಂದೆ ನಿಂತು ತೆಗೆಸಿದ ಜೋಡಿ ಫೋಟೋವನ್ನು ಅವರ ಅಣ್ಣ ಸ್ಟುಡಿಯೋಗೆ ಕೊಟ್ಟು, “ಎಲ್ಲಾ ಕ್ಲೀನ್ ಮಾಡಿಬಿಡಿ” ಎಂದು ಹೇಳಿ ಬಂದಿದ್ದರು. ದೊಡ್ಡ ಪ್ರಿಂಟು ಬಂತು. ಮುಖ ಬೆಳ್ಳಗೆ, ಒಂದೇ ಬಣ್ಣ. ಕೈಬೆರಳುಗಳು ಮಾತ್ರ ಹಾಗೇ ಇದ್ದವು, ಏಕೆಂದರೆ ಬಳೆ, ಮೆಹಂದಿಯ ನಡುವೆ ಬಣ್ಣ ತುಂಬುವುದು ಕಷ್ಟ. ತುಟಿಯ ಅಂಚು ಕರಗಿ ಬಾಯಿಯೇ ಬೇರೆ ಯಾರದ್ದೋ ಆಗಿತ್ತು. ಆಕೆ ನೋಡಿ, “ಇದು ನಾನಲ್ಲ ಸಿಸ್ಟರ್, ಇವರ ಪಕ್ಕ ಯಾರೋ ನಿಂತವ್ರೆ” ಅಂದರು.

ಅಣ್ಣನವರದ್ದು ಕೆಟ್ಟ ಮನಸ್ಸಲ್ಲ. ಕೇಳಲಿಲ್ಲ, ಅಷ್ಟೇ. ಮೂಲ ಫೋಟೋ ಸ್ಟುಡಿಯೋದಲ್ಲಿ ಉಳಿದಿದ್ದರಿಂದ ಎರಡನೆಯ ಸಲ ಆಕೆಯೇ ಹೋಗಿ ಕುಳಿತರು. “ಮಚ್ಚೆ ತೆಗೀಬೇಕಾ ಅಕ್ಕ?” ಎಂದು ಕೇಳಿದರೆ ಬರುವ ಉತ್ತರ ಹೌದು ಅಥವಾ ಇಲ್ಲ, ಅದೂ ಮುಜುಗರದಿಂದ. ಆ ಹುಡುಗ ಹಾಗೆ ಕೇಳಲಿಲ್ಲ. ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ, “ಇದರಲ್ಲಿ ನಿಮಗೆ ಏನು ಸರಿ ಕಾಣಲ್ಲ, ತೋರ್ಸಿ” ಎಂದ. ಆಕೆ ತೋರಿಸಿದ್ದು ಹಣೆಯ ಮೇಲೆ ಅವತ್ತು ಎದ್ದಿದ್ದ ಮೊಡವೆ, ಕೆನ್ನೆಯ ಮೇಲೆ ಫ್ಲಾಶ್ ಹೊಳಪು, ಓರೆಯಾಗಿದ್ದ ತಾಳಿ. ತುಟಿಯ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಿ, “ಅದು ಇರ್ಲಿ. ಕತ್ತಿಂದು ಮಾತ್ರ ಸ್ವಲ್ಪ ಮಂಕು ಮಾಡಿ, ಸೀರೆ ಬಣ್ಣಕ್ಕೆ ಕಣ್ಣಿಗೆ ಹೊಡೀತದೆ” ಅಂದರು. ಒಂದೇ ಮೈಯ ಎರಡು ಮಚ್ಚೆಗೆ ಎರಡು ಉತ್ತರ. ಬೇರೆಯವರು ಇದನ್ನು ಊಹಿಸಲು ಹೇಗೆ ಸಾಧ್ಯ?

ಕೆಲಸ ನಡೆದದ್ದು ಹೀಗೆ. ಮೂಲವನ್ನು ಮುಟ್ಟದೆ ಅದರ ಪ್ರತಿಯ ಮೇಲೆ ತಿದ್ದಿದರು. ಮೊದಲು ಇಡೀ ಚಿತ್ರದ ಬೆಳಕು, ಬಣ್ಣ ಸರಿಪಡಿಸಿ ಮೈಬಣ್ಣವನ್ನು ಆಕೆಯ ನಿಜವಾದ ಬಣ್ಣಕ್ಕೆ ತಂದರು. ಮುಖಕ್ಕೆ ಮಾತ್ರ ಬಿಳುಪು ಏರಿಸಲಿಲ್ಲ. (ಕೇಳದೇ ಎಲ್ಲರನ್ನೂ ಬೆಳ್ಳಗೆ ಮಾಡುವ ಅಭ್ಯಾಸ ನನಗೆ ಮೊದಲಿಂದಲೂ ಸೇರದು.) ಮೊಡವೆ ತೆಗೆದರು. ಕತ್ತಿನ ಮಚ್ಚೆಯ ಮೇಲೆ ಪಕ್ಕದ ಚರ್ಮದ ಬಣ್ಣವನ್ನು ಬೇರೆ ಪದರವಾಗಿ ತೆಳ್ಳಗೆ ಹಾಯಿಸಿದರು. ಹಾಗೆ ಮಾಡಿದರೆ ಚರ್ಮದ ಗೆರೆಗಳು ಉಳಿಯುತ್ತವೆ, ಬೇಡವೆಂದರೆ ಆ ಪದರ ತೆಗೆದರೆ ಸಾಕು. ಆಮೇಲೆ ಹಳೆಯದು, ಹೊಸದು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ, ಆಕೆ ಒಪ್ಪಿದ ಮೇಲೆ ಪ್ರಿಂಟು ಹಾಕಿದರು. ಆಲ್ಬಮ್ಮಿನ ಉಳಿದ ಫೋಟೋಗಳಲ್ಲೂ ಕತ್ತಿನ ಮಚ್ಚೆ ಅಷ್ಟೇ ಮಂಕಾಗಬೇಕು, ಇಲ್ಲದಿದ್ದರೆ ಪುಟ ತಿರುಗಿಸಿದ ಕೂಡಲೇ ವ್ಯತ್ಯಾಸ ಎದ್ದು ಕಾಣುತ್ತದೆ ಎಂದು ಅದನ್ನೂ ಕೇಳಿ ಮಾಡಿದರು.

ಕೆಲವರು ಪೂರ್ತಿ ಅಳಿಸಿ ಎನ್ನುತ್ತಾರೆ. ಅದೂ ಅವರದೇ ಇಷ್ಟ. ಉಪದೇಶ ಬೇಡ, ನೀಟಾಗಿ ಮಾಡಿಕೊಡಿ. ಮಕ್ಕಳಾದರೆ ತಂದೆತಾಯಿಯ ಜೊತೆಗೆ ಮಗುವನ್ನೂ ಕೇಳಿ. ಸಂಬಂಧ ನೋಡಲು ಕಳಿಸುವ ಫೋಟೋ ಮಾತ್ರ ಸ್ವಲ್ಪ ಸೂಕ್ಷ್ಮ. ಅಲ್ಲಿ ಮಚ್ಚೆ ಅಳಿಸಿ ಕಳಿಸಿದರೆ, ಗಂಡಿನ ಕಡೆಯವರು ಮನೆಗೆ ಬಂದ ದಿನ ಎದುರು ಕುಳಿತು ಆ ನೋಟ ಎದುರಿಸಬೇಕಾದವಳು ಮಗಳು. ಮೊದಲೇ ವಿಷಯ ತಿಳಿಸುವುದೋ, ಫೋಟೋದಲ್ಲೇ ಕಾಣಿಸುವುದೋ ಎಂದು ಅವಳ ಜೊತೆ ಕೂತು ಮಾತಾಡಿ.

ಆ ಜೋಡಿ ಫೋಟೋ ಈಗ ಅವರ ಮನೆಯ ನಡುಮನೆಯಲ್ಲಿದೆ. ಮೊದಲನೆಯ ಪ್ರಿಂಟನ್ನು ಅಣ್ಣನವರೇ ಬೀರುವಿನ ಹಿಂದೆ ಇಟ್ಟಿದ್ದಾರಂತೆ, ದುಡ್ಡು ಕೊಟ್ಟದ್ದಲ್ಲವೇ ಎಂದು.