ಚೆಕ್ ಜೊತೆಗಿನ ನಾಲ್ಕು ಸಾಲು: ಹಣ ಯಾವ ಬಿಲ್ಲಿಗೆ ಸೇರಬೇಕು ಎಂದು ಹೇಳುವವರು ಯಾರು?

ದಿನವಿಡೀ ಕಂಪನಿಗಳ ಲೆಕ್ಕಪತ್ರ ನೋಡುವುದೇ ನನ್ನ ಕೆಲಸ. ಆದರೂ ಹ್ಯಾರೋದಲ್ಲಿರುವ ನಮ್ಮ ಲೀಸ್‌ಹೋಲ್ಡ್ ಫ್ಲ್ಯಾಟಿನ ವಿಷಯದಲ್ಲಿ ಒಂದು ಸಣ್ಣ ಪತ್ರ ಬರೆಯದೆ ಎಡವಿದೆ. ಆ ಪಾಠ ನಿಮಗೂ ಉಪಯೋಗಕ್ಕೆ ಬರಬಹುದು.

ಫ್ಲ್ಯಾಟ್ ನಿರ್ವಹಣೆಯ ಏಜೆಂಟರಿಂದ ಮೂರು ಇನ್‌ವಾಯ್ಸ್ ಬಂದಿದ್ದವು. ಜನವರಿಯದು ಲಿಫ್ಟ್ ದುರಸ್ತಿಗೆ 610 ಪೌಂಡ್. ಮಾರ್ಚಿನದು ಅರ್ಧ ವರ್ಷದ ಸರ್ವೀಸ್ ಚಾರ್ಜ್, 840 ಪೌಂಡ್. ಏಪ್ರಿಲಿನದು ಗ್ರೌಂಡ್ ರೆಂಟ್, 125 ಪೌಂಡ್. ಲಿಫ್ಟಿನ ಬಿಲ್ಲಿಗೆ ನನ್ನ ತಕರಾರಿತ್ತು. ಉಳಿದೆರಡಕ್ಕೆ ಸರಿಯಾಗಿ 965 ಪೌಂಡಿನ ಚೆಕ್ ಬರೆದು, ಲಕೋಟೆಗೆ ಹಾಕಿ ಕಳಿಸಿದೆ. ಮೊತ್ತ ನೋಡಿದರೆ ಅವರಿಗೇ ಗೊತ್ತಾಗುತ್ತದೆ ಎಂದುಕೊಂಡಿದ್ದೆ.

ಅವರು ಹಳೆಯ ಬಾಕಿಯಿಂದ ಶುರು ಮಾಡಿದರು. ಮೊದಲು 610 ಪೌಂಡ್ ಲಿಫ್ಟಿಗೆ ಹೋಯಿತು, ಉಳಿದ 355 ಸರ್ವೀಸ್ ಚಾರ್ಜಿಗೆ. ಕೊನೆಗೆ ಬಂದ ಸ್ಟೇಟ್‌ಮೆಂಟಿನಲ್ಲಿ ಸರ್ವೀಸ್ ಚಾರ್ಜ್ 485, ಗ್ರೌಂಡ್ ರೆಂಟ್ 125 ಬಾಕಿ. ಕೂಡಿಸಿದರೆ ಅದೇ 610. ಮೊತ್ತ ಬದಲಾಗಲಿಲ್ಲ, ಆದರೆ ಬಾಕಿಯ ಬಣ್ಣವೇ ಬದಲಾಯಿತು. ತಕರಾರಿನ ಬಿಲ್ಲು ಸಂದಾಯವಾಗಿತ್ತು, ತಕರಾರಿಲ್ಲದ ಎರಡಕ್ಕೆ ನಾನು ಬಾಕಿದಾರನಾಗಿದ್ದೆ.

ಕೋಪದಿಂದ ಪತ್ರ ಬರೆದೆ. ಅದು ತಡವಾಗಿತ್ತು. ಇಂಗ್ಲೆಂಡಿನ ಕಾನೂನಿನಲ್ಲಿ, ಒಬ್ಬರಿಗೇ ಹಲವು ಬಾಕಿ ಇದ್ದಾಗ ಯಾವುದಕ್ಕೆ ಹಣ ಎಂದು ಹೇಳುವ ಮೊದಲ ಹಕ್ಕು ಕೊಡುವವನದು. ಆದರೆ ಅದನ್ನು ಕೊಡುವ ಹೊತ್ತಿಗೇ ಹೇಳಬೇಕು. ಅವನು ಸುಮ್ಮನಿದ್ದರೆ ಹಕ್ಕು ಪಡೆಯುವವನಿಗೆ ಹೋಗುತ್ತದೆ. ಅವನು ಹೀಗೆ ಜಮಾ ಮಾಡಿದ್ದೇನೆ ಎಂದು ತಿಳಿಸಿದ ಮೇಲೆ ನಮ್ಮ ಮಾತು ನಡೆಯುವುದಿಲ್ಲ. ಇಬ್ಬರೂ ಏನೂ ಹೇಳದೆ ಒಂದೇ ಚಾಲ್ತಿ ಖಾತೆಯಲ್ಲಿ ವ್ಯವಹಾರ ನಡೆದಿದ್ದರೆ, ಮೊದಲು ಬಂದ ಬಾಕಿ ಮೊದಲು ತೀರಿತು ಎಂದು ಭಾವಿಸುತ್ತಾರೆ. ಲಂಡನ್ನಿನ ಒಂದು ಬ್ಯಾಂಕಿನ ವಿಷಯದಲ್ಲಿ 1816ರಲ್ಲಿ ತೀರ್ಪಾದ ಕ್ಲೇಟನ್ ಪ್ರಕರಣದ ನಿಯಮ ಇದು.

ಊರಿನಲ್ಲೂ ಇದೇ ಕ್ರಮ. ಭಾರತೀಯ ಕರಾರು ಕಾಯ್ದೆ, 1872ರ 59ನೇ ಕಲಮಿನ ಪ್ರಕಾರ, ಯಾವ ಸಾಲಕ್ಕೆ ಎಂದು ತಿಳಿಸಿ ಕೊಟ್ಟ ಹಣವನ್ನು ಸ್ವೀಕರಿಸಿದರೆ ಅದಕ್ಕೇ ಜಮಾ ಮಾಡಬೇಕು. ತಿಳಿಸದಿದ್ದರೆ ಆಯ್ಕೆ ಪಡೆಯುವವನದು ಎನ್ನುತ್ತದೆ 60ನೇ ಕಲಮು. ಇಬ್ಬರೂ ಸುಮ್ಮನಿದ್ದರೆ ಕಾಲಾನುಕ್ರಮ, ಇದು 61ನೇ ಕಲಮು.

ಈಗ ನಾನು ಚೆಕ್ ಜೊತೆಗೇ ಇಡುವ ಪತ್ರದ ತಿರುಳು ಇಷ್ಟು:

"ಫ್ಲ್ಯಾಟ್ ಸಂಖ್ಯೆ, ನಿಮ್ಮಲ್ಲಿರುವ ನನ್ನ ಖಾತೆ ಸಂಖ್ಯೆ. ಇದರೊಂದಿಗೆ ಇಂಥ ಸಂಖ್ಯೆಯ, ಇಂಥ ದಿನಾಂಕದ, 965 ಪೌಂಡಿನ ಚೆಕ್ ಇದೆ. ಇದರಲ್ಲಿ 840 ಪೌಂಡ್ ಮಾರ್ಚಿನ ಇನ್‌ವಾಯ್ಸಿಗೆ, 125 ಪೌಂಡ್ ಏಪ್ರಿಲಿನ ಇನ್‌ವಾಯ್ಸಿಗೆ ಮಾತ್ರ. ಜನವರಿಯ ಇನ್‌ವಾಯ್ಸಿಗೆ ತಕರಾರಿದೆ, ಈ ಹಣದಲ್ಲಿ ಏನನ್ನೂ ಅದಕ್ಕೆ ಜಮಾ ಮಾಡಬಾರದು."

ಪ್ರತಿ ಇನ್‌ವಾಯ್ಸಿನ ಸಂಖ್ಯೆ, ಅದರ ಮುಂದೆ ಅದರ ಮೊತ್ತ, ಕೊನೆಗೆ ಚೆಕ್ಕಿಗೆ ತಾಳೆಯಾಗುವ ಒಟ್ಟು. "ಮಾತ್ರ" ಎಂಬ ಪದ ಬಿಡಬೇಡಿ, ಇಡೀ ಪತ್ರದ ಭಾರ ಅದರ ಮೇಲಿದೆ. ಪತ್ರ ಮತ್ತು ಚೆಕ್ ಬೇರೆಯಾಗಬಹುದು, ಆದ್ದರಿಂದ ಚೆಕ್ಕಿನ ಹಿಂಬದಿಯಲ್ಲೂ ಖಾತೆ ಸಂಖ್ಯೆ ಬರೆಯುತ್ತೇನೆ. ಎರಡನ್ನೂ ಒಟ್ಟಿಗೆ ಇಟ್ಟು ಫೋಟೋ ತೆಗೆದು, ಅಂಚೆ ಕಚೇರಿಯ ರಸೀದಿಯನ್ನೂ ಇಟ್ಟುಕೊಳ್ಳುತ್ತೇನೆ. ಜೊತೆಯಲ್ಲೇ ಹೇಳಿದ್ದೆ ಎಂಬುದಕ್ಕೆ ನಾಳೆ ಸಾಕ್ಷಿ ಬೇಕಾಗುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಡಿಮ್ಯಾಂಡ್ ಡ್ರಾಫ್ಟ್ ಕಳಿಸುವವರಿಗೆ ಇನ್ನೊಂದು ಮಾತು. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2018ರ ಸೆಪ್ಟೆಂಬರ್ 15ರಿಂದ ಡಿಡಿಯ ಮುಖದ ಮೇಲೆ ಅದನ್ನು ಕೊಂಡವರ ಹೆಸರು ಬರುತ್ತದೆ. ತಮ್ಮ ಬ್ಯಾಂಕಿಗೆ ಹೋಗಿ ಮಾಡಿಸಿದರೆ ಅಲ್ಲಿ ತಮ್ಮನ ಹೆಸರಿರುತ್ತದೆ, ನಿಮ್ಮದಲ್ಲ. ಯಾರ ಪರವಾಗಿ, ಯಾವ ಇನ್‌ವಾಯ್ಸಿಗೆ ಎಂಬುದನ್ನು ಪತ್ರವೇ ಹೇಳಬೇಕು. ಡಿಡಿ ಸಂಖ್ಯೆ, ದಿನಾಂಕ, ಕೊಟ್ಟ ಬ್ಯಾಂಕು ಮತ್ತು ಶಾಖೆ ಅದರಲ್ಲಿರಲಿ. ಡಿಡಿಗೆ ಮೂರು ತಿಂಗಳ ಆಯುಷ್ಯ ಮಾತ್ರ.

ಈ ಪತ್ರದ ಶಕ್ತಿಗೂ ಮಿತಿಯಿದೆ. ಹಣ ಎಲ್ಲಿಗೆ ಸೇರಬೇಕೆಂದು ಅದು ಹೇಳಬಲ್ಲದು, ತಕರಾರನ್ನು ಬಗೆಹರಿಸಲಾರದು. ಕಡಿಮೆ ಮೊತ್ತದ ಚೆಕ್ ಇಟ್ಟು "ಇದರಿಂದ ಎಲ್ಲ ಬಾಕಿ ಚುಕ್ತಾ" ಎಂದು ಬರೆದರೆ, ಅವರು ಚೆಕ್ ನಗದು ಮಾಡಿಕೊಂಡ ಮಾತ್ರಕ್ಕೆ ಒಪ್ಪಿದರು ಎಂದಾಗುವುದಿಲ್ಲ.

ನನ್ನ ಕಥೆ ಏನಾಯಿತು? ಬಾಕಿದಾರನೆಂಬ ಹೆಸರು ಬೇಡವೆಂದು ಇನ್ನೂ 610 ಪೌಂಡ್ ಕಟ್ಟಿದೆ. ಇಂಗ್ಲೆಂಡಿನಲ್ಲಿ ಸರ್ವೀಸ್ ಚಾರ್ಜ್ ಕಟ್ಟಿದ ಒಂದೇ ಕಾರಣಕ್ಕೆ ಅದನ್ನು ಒಪ್ಪಿಕೊಂಡಂತಲ್ಲ, ಟ್ರಿಬ್ಯೂನಲ್ಲಿಗೆ ಹೋಗುವ ದಾರಿ ತೆರೆದೇ ಇರುತ್ತದೆ. ಆದರೆ ಹಣ ನನ್ನ ಕೈಯಲ್ಲಿದ್ದಾಗ ಅವರು ನನ್ನನ್ನು ಕೇಳುತ್ತಿದ್ದರು. ಈಗ ನಾನು ಅವರನ್ನು ಕೇಳುತ್ತಿದ್ದೇನೆ.